ಮೂರು ಸಾಧನ ಅಂತ ಹೇಳಿ ಒಂದನ್ನೇ ತೋರಿಸಿದ್ದು: 2007ರ ಐಫೋನ್ ಭಾಷಣವನ್ನು ಬಿಚ್ಚಿ ನೋಡಿದರೆ

2007ರ ಜನವರಿ 9. ಸ್ಯಾನ್ ಫ್ರಾನ್ಸಿಸ್ಕೋದ ಮಾಸ್ಕೋನ್ ಸೆಂಟರ್. ಮ್ಯಾಕ್‌ವರ್ಲ್ಡ್ ಸಮಾವೇಶದಲ್ಲಿ ಸ್ಟೀವ್ ಜಾಬ್ಸ್ ಐಫೋನನ್ನು ಮೊದಲ ಬಾರಿಗೆ ಜಗತ್ತಿಗೆ ತೋರಿಸಿದ ದಿನ. ಈ ಭಾಷಣದ ವಿಡಿಯೋ ನೋಡಿದವರು ಬಹಳ ಜನ ಇದ್ದಾರೆ. ಆದರೆ ಹೆಚ್ಚಿನವರು ನೋಡಿರುವುದು ಅದರ ಎರಡು ಮೂರು ನಿಮಿಷದ ತುಣುಕನ್ನು ಮಾತ್ರ. ಆ ತುಣುಕಿನ ಹಿಂದೆ ಮುಂದೆ ಏನಿದೆ, ಯಾವುದನ್ನು ಎಷ್ಟು ಹೊತ್ತು ತಡೆದು ಹಿಡಿದರು, ಆ ಸಮಯದಲ್ಲಿ ಅವರ ಕೈಯಲ್ಲಿದ್ದ ಫೋನಿನ ಸ್ಥಿತಿ ಏನಾಗಿತ್ತು, ಇದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗಲೇ ಈ ಪ್ರಕರಣ ಅರ್ಥವಾಗುವುದು.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಆ ದಿನ ಸಭಾಂಗಣದಲ್ಲಿ ಕೂತಿದ್ದವರಿಗೆ ಆಪಲ್ ಫೋನ್ ತರುತ್ತದೆ ಎನ್ನುವುದು ಗುಟ್ಟೇನೂ ಆಗಿರಲಿಲ್ಲ. ವರ್ಷಗಳಿಂದ ಗಾಳಿಸುದ್ದಿ ಓಡಾಡುತ್ತಿತ್ತು. 'ಐಫೋನ್' ಎನ್ನುವ ಹೆಸರನ್ನೂ ಜನ ಊಹಿಸಿದ್ದರು. ಹಾಗಾದರೆ ಗೊತ್ತಿರುವ ವಿಷಯವನ್ನು ಹೇಳಿ ಅಚ್ಚರಿ ಹುಟ್ಟಿಸುವುದು ಹೇಗೆ? ನನ್ನ ಪ್ರಕಾರ ಈ ಭಾಷಣದ ಇಡೀ ಕಸುಬು ಇರುವುದು ಈ ಒಂದು ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರದಲ್ಲಿ.

ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವುದನ್ನು ನೋಡಿದವರಿಗೆ ಇದು ಬೇಗ ಹಿಡಿಸುತ್ತದೆ. ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಬರುತ್ತಿರುವುದು ಯಾರು ಅಂತ ಎಲ್ಲರಿಗೂ ಗೊತ್ತು. ಆದರೂ ತೆರೆಯ ಹಿಂದೆ ಕಿರೀಟ ಅಲ್ಲಾಡುತ್ತದೆ, ಆರ್ಭಟೆ ಕೇಳುತ್ತದೆ, ಮುಖ ಮಾತ್ರ ಕಾಣುವುದಿಲ್ಲ. ಅಲ್ಲಿ ಜನ ಕಾಯುವುದು 'ಯಾರು' ಎಂದು ತಿಳಿಯಲು ಅಲ್ಲ, 'ಹೇಗೆ' ಎಂದು ನೋಡಲು. ಜಾಬ್ಸ್ ಹಿಡಿದದ್ದೂ ಇಂಥದ್ದೇ ತೆರೆ.

ಮೊದಲ ಎರಡು ನಿಮಿಷ

ಐಫೋನಿನ ವಿಷಯ ಶುರುವಾಗುವುದು ಭಾಷಣ ಅರ್ಧ ಗಂಟೆಗೆ ಹತ್ತಿರವಾದ ಮೇಲೆ. ಅದಕ್ಕೂ ಮುಂಚೆ ಅವರು ಐಪಾಡ್, ಐಟ್ಯೂನ್ಸ್, ಆಪಲ್ ಟಿವಿ ಬಗ್ಗೆ ಮಾತಾಡುತ್ತಾರೆ. ಅದು ಸಾಮಾನ್ಯ ವೇಗದ ಮಾತು. ಆಮೇಲೆ ನಿಲ್ಲಿಸುತ್ತಾರೆ. ಎರಡೂವರೆ ವರ್ಷದಿಂದ ಈ ದಿನಕ್ಕಾಗಿ ಕಾಯುತ್ತಿದ್ದೆ ಎನ್ನುತ್ತಾರೆ. ಮತ್ತೆ ಮೌನ. ಇಲ್ಲಿಂದ ಮಾತಿನ ವೇಗ ಪೂರ್ತಿ ಬದಲಾಗುತ್ತದೆ.

ಅಪರೂಪಕ್ಕೊಮ್ಮೆ ಎಲ್ಲವನ್ನೂ ಬದಲಿಸುವ ಒಂದು ಸಾಧನ ಬರುತ್ತದೆ ಎನ್ನುತ್ತಾರೆ. 1984ರಲ್ಲಿ ಮ್ಯಾಕಿಂತಾಷ್, 2001ರಲ್ಲಿ ಐಪಾಡ್. ಎರಡೇ ಉದಾಹರಣೆ, ಎರಡಕ್ಕೂ ಒಂದೆರಡು ವಾಕ್ಯ. ಇದು ಬರೀ ಹೆಮ್ಮೆಯ ಮಾತಲ್ಲ. ಮುಂದೆ ಬರುವುದನ್ನು ಯಾವ ಸಾಲಿನಲ್ಲಿ ಇಟ್ಟು ನೋಡಬೇಕು ಎಂದು ಕೇಳುಗನಿಗೆ ಮೊದಲೇ ಹೇಳಿಬಿಡುವ ಕೆಲಸ ಅದು.

ಅದಾದ ಮೇಲೆ ಬರುತ್ತದೆ ಆ ತಿರುವು. ಇವತ್ತು ಆ ಮಟ್ಟದ ಮೂರು ಹೊಸ ಸಾಧನಗಳನ್ನು ತೋರಿಸುತ್ತೇನೆ ಎನ್ನುತ್ತಾರೆ. ಒಂದು, ಅಗಲ ಪರದೆಯ, ಬೆರಳಲ್ಲಿ ಮುಟ್ಟಿ ನಡೆಸುವ ಐಪಾಡ್. ಜೋರು ಚಪ್ಪಾಳೆ. ಎರಡನೆಯದು, ಹೊಸ ಬಗೆಯ ಮೊಬೈಲ್ ಫೋನ್. ಇದಕ್ಕೆ ಇನ್ನೂ ಜೋರು ಚಪ್ಪಾಳೆ, ಕೂಗು. ಮೂರನೆಯದು, ಇಂಟರ್‌ನೆಟ್ ಸಂವಹನ ಸಾಧನ. ಇಲ್ಲಿ ಚಪ್ಪಾಳೆ ಸ್ವಲ್ಪ ಕಡಿಮೆ. ಇದೇನಪ್ಪಾ ಅನ್ನುವ ಗೊಂದಲ ಅದರಲ್ಲಿ ಕೇಳಿಸುತ್ತದೆ.

ಫೋನ್ ಬರುತ್ತದೆ ಅಂತ ಗೊತ್ತಿದ್ದವನ ತಲೆಯಲ್ಲಿ ಈಗ ಏನಾಗುತ್ತಿದೆ ಯೋಚಿಸಿ. ಅವನ ಊಹೆ ಸರಿಯಾಯಿತು, ಫೋನ್ ಬಂತು. ಆದರೆ ಜೊತೆಗೆ ಇನ್ನೂ ಎರಡು ಬಂದುಬಿಟ್ಟವು. ಅವನಿಗೆ ಗೊತ್ತಿದ್ದದ್ದು ಪೂರ್ತಿ ಕಥೆ ಅಲ್ಲ ಎಂದಾಯಿತು. ಗೊತ್ತಿರುವವನನ್ನು ಗೊತ್ತಿಲ್ಲದವನನ್ನಾಗಿ ಮಾಡಲು ಒಂದು ನಿಮಿಷವೂ ಬೇಕಾಗಲಿಲ್ಲ.

ಆಮೇಲೆ ಅವರು ಆ ಮೂರನ್ನೂ ಮತ್ತೆ ಹೇಳುತ್ತಾರೆ. ಐಪಾಡ್, ಫೋನ್, ಇಂಟರ್‌ನೆಟ್ ಸಾಧನ. ಹಿಂದಿನ ಪರದೆಯ ಮೇಲೆ ಚಿತ್ರಗಳು ತಿರುಗುತ್ತವೆ. ಇನ್ನೊಮ್ಮೆ ಹೇಳುತ್ತಾರೆ, ಐಪಾಡ್, ಫೋನ್... ಅಷ್ಟು ಹೊತ್ತಿಗೆ ಸಭೆಯಲ್ಲಿ ನಗು, ಕೂಗು ಶುರು. 'ಗೊತ್ತಾಗ್ತಾ ಇದೆಯಾ?' ಎಂದು ಕೇಳುತ್ತಾರೆ. ಇವು ಮೂರು ಬೇರೆ ಬೇರೆ ಸಾಧನಗಳಲ್ಲ, ಒಂದೇ ಸಾಧನ, ಅದನ್ನು ಐಫೋನ್ ಎಂದು ಕರೆಯುತ್ತಿದ್ದೇವೆ.

ಗಮನಿಸಿ, ಉತ್ತರವನ್ನು ಅವರು ಹೇಳುವ ಕೆಲವೇ ಕ್ಷಣ ಮೊದಲು ಜನರೇ ಕಂಡುಹಿಡಿದಿರುತ್ತಾರೆ. ಆ ಪುನರಾವರ್ತನೆ ಇರುವುದೇ ಅದಕ್ಕೆ. ಒಂದು ಸಲ ಹೇಳಿ ಉತ್ತರ ಕೊಟ್ಟಿದ್ದರೆ ಅದು ಬರೀ ಮಾಹಿತಿ ಆಗಿರುತ್ತಿತ್ತು. ಐದಾರು ಸಲ ಹೇಳಿದ್ದರೆ ಆಗಲೇ ಗೊತ್ತಾದವರಿಗೆ ಬೇಸರ ಬರುತ್ತಿತ್ತು. ಸಭೆಯ ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಅರ್ಥ ಹಬ್ಬಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಹೇಳಿದರು. ಅದನ್ನು ತಿಳಿಯುವುದು ಕಿವಿಯಿಂದ. ನಗು ಚದುರಿದಂತೆ ಕೇಳಿದರೆ ಕೆಲವರಿಗೆ ಮಾತ್ರ ಗೊತ್ತಾಗಿದೆ ಎಂದರ್ಥ, ಅದು ಒಂದೇ ಅಲೆಯಾಗಿ ಬಂದರೆ ಎಲ್ಲರಿಗೂ ಗೊತ್ತಾಗಿದೆ.

ಹೆಸರು ಬಂತು, ಮುಖ ಬರಲಿಲ್ಲ

ನನಗೆ ಈ ಭಾಷಣದಲ್ಲಿ ಅತಿ ಜಾಸ್ತಿ ಇಷ್ಟವಾಗುವುದು ಇದರ ನಂತರದ ಭಾಗ, ಯಾಕೆಂದರೆ ಸಾಧಾರಣ ಭಾಷಣಕಾರ ಇಲ್ಲಿ ಸೋತುಬಿಡುತ್ತಾನೆ, ಹೆಸರು ಹೇಳಿದ ತಕ್ಷಣ ಸಾಧನವನ್ನೂ ತೋರಿಸಿ ಇದ್ದದ್ದನ್ನೆಲ್ಲ ಒಂದೇ ಸಲ ಖರ್ಚು ಮಾಡಿಬಿಡುತ್ತಾನೆ.

ಆಪಲ್ ಇವತ್ತು ಫೋನನ್ನು ಹೊಸದಾಗಿ ರೂಪಿಸುತ್ತದೆ, ಇಗೋ ನೋಡಿ ಎನ್ನುತ್ತಾರೆ. ಪರದೆಯ ಮೇಲೆ ಬರುವುದು ಹಳೇ ಕಾಲದ, ಬೆರಳು ಹಾಕಿ ತಿರುಗಿಸುವ ಡಯಲ್ ಇರುವ ಐಪಾಡ್ ಚಿತ್ರ! ಸಭೆ ನಗುತ್ತದೆ. ಇಲ್ಲ, ನಿಜವಾದದ್ದು ಇಲ್ಲಿದೆ, ಆದರೆ ಸದ್ಯಕ್ಕೆ ಅದು ಅಲ್ಲೇ ಇರಲಿ ಎಂದು ಮುಂದೆ ಹೋಗುತ್ತಾರೆ. ತೆರೆ ಇನ್ನೂ ಬಿದ್ದಿಲ್ಲ.

ಆ ತಮಾಷೆ ಚಿತ್ರ ಸುಮ್ನೆ ನಗಿಸಲು ಹಾಕಿದ್ದಲ್ಲ. ಜನ ಅಲ್ಲಿಯವರೆಗೆ ಅಂತರ್ಜಾಲದಲ್ಲಿ ಬಿಡಿಸುತ್ತಿದ್ದ ಊಹಾಚಿತ್ರಗಳಲ್ಲಿ ಹೆಚ್ಚಿನವು ಐಪಾಡಿಗೆ ಫೋನ್ ಅಂಟಿಸಿದಂತೆಯೇ ಇದ್ದವು. ಆ ಊಹೆಯನ್ನೇ ಪರದೆಗೆ ತಂದು ನಗಿಸಿಬಿಟ್ಟರೆ, ಹಳೆಯ ಚಿತ್ರ ತಲೆಯಿಂದ ಹೊರಗೆ ಹೋಗುತ್ತದೆ. ಹೊಸದಕ್ಕೆ ಜಾಗ ಆಗುತ್ತದೆ.

ಈಗ ಅವರು ಸಮಸ್ಯೆಯನ್ನು ಕಟ್ಟಲು ಶುರು ಮಾಡುತ್ತಾರೆ. ಆಗ ಮಾರುಕಟ್ಟೆಯಲ್ಲಿದ್ದ ನಾಲ್ಕು ಸ್ಮಾರ್ಟ್‌ಫೋನ್‌ಗಳನ್ನು ಸಾಲಾಗಿ ತೋರಿಸುತ್ತಾರೆ: ಮೋಟೊ ಕ್ಯೂ, ಬ್ಲ್ಯಾಕ್‌ಬೆರಿ, ಪಾಮ್ ಟ್ರಿಯೋ, ನೋಕಿಯಾ ಇ62. ಸಮಸ್ಯೆ ಇರುವುದು ಕೆಳಗಿನ 40ರಲ್ಲಿ ಎನ್ನುತ್ತಾರೆ, ಅಂದರೆ ಫೋನಿನ ಕೆಳಭಾಗದ ಆ ಪ್ಲಾಸ್ಟಿಕ್ ಕೀಬೋರ್ಡ್. ಬೇಕಿರಲಿ ಬೇಡವಿರಲಿ ಅದು ಅಲ್ಲೇ ಇರುತ್ತದೆ. ಯಾವ ಕೆಲಸಕ್ಕೂ ಅವೇ ಗುಂಡಿಗಳು. ಆರು ತಿಂಗಳಾದ ಮೇಲೆ ಒಂದು ಒಳ್ಳೆಯ ಐಡಿಯಾ ಹೊಳೆದರೆ ಏನು ಮಾಡುತ್ತೀರಿ? ಮಾರಿಬಿಟ್ಟ ಫೋನಿಗೆ ಹೋಗಿ ಹೊಸ ಗುಂಡಿ ಕೂರಿಸಲು ಆಗುತ್ತದಾ?

ಸಮಸ್ಯೆ ಹೀಗೆ ಗಟ್ಟಿಯಾದ ಮೇಲೆ ಒಂದು ಉತ್ತರ. ಗುಂಡಿಗಳನ್ನೆಲ್ಲ ತೆಗೆದುಹಾಕಿ, ಬರೀ ದೊಡ್ಡ ಪರದೆ ಇಡೋಣ. ಆಗ ನಿಜವಾದ ಫೋನಿನ ಚಿತ್ರ ಬರುತ್ತದೆ. ಆದರೆ ಆ ಉತ್ತರವೇ ಇನ್ನೊಂದು ಪ್ರಶ್ನೆಯನ್ನು ತರುತ್ತದೆ: ಗುಂಡಿ ಇಲ್ಲದಿದ್ದರೆ ನಡೆಸುವುದು ಹೇಗೆ? ಮೌಸ್ ಹೊತ್ತುಕೊಂಡು ಓಡಾಡಲು ಆಗುವುದಿಲ್ಲ. ಹಾಗಾದರೆ ಸ್ಟೈಲಸ್ ಕಡ್ಡಿ? ಯಾರಿಗೆ ಬೇಕು ಅದು, ತೆಗೆಯಬೇಕು, ಇಡಬೇಕು, ಕಳೆದುಹೋಗುತ್ತದೆ. ನಾವೆಲ್ಲ ಹುಟ್ಟುತ್ತಲೇ ಪಡೆದು ಬಂದ ಸಾಧನ ಒಂದಿದೆ, ನಮ್ಮ ಬೆರಳು.

ಇಲ್ಲಿ ವಿಳಂಬದ ಗುಟ್ಟು ಸಿಗುತ್ತದೆ. ಅವರು ಯಾವತ್ತೂ ಸುಮ್ಮನೆ ತಡ ಮಾಡುವುದಿಲ್ಲ. ಪ್ರತಿ ತಡೆಯ ಹೊತ್ತಿನಲ್ಲಿ ಕೇಳುಗನ ತಲೆಯಲ್ಲಿ ಒಂದು, ಒಂದೇ ಒಂದು ಪ್ರಶ್ನೆ ಇರುತ್ತದೆ. ಮೂರು ಸಾಧನ ಯಾಕೆ? ನೋಡಲು ಹೇಗಿದೆ? ಗುಂಡಿ ಇಲ್ಲದೆ ಹೇಗೆ? ಪ್ರಶ್ನೆ ಗಟ್ಟಿಯಾಗಿ ನಿಂತಾಗ ಮೌನ ಕೆಲಸ ಮಾಡುತ್ತದೆ. ಪ್ರಶ್ನೆಯೇ ಇಲ್ಲದೆ ಕೊಡುವ ಮೌನ ಬರೀ ನಾಟಕದಂತೆ ಕಾಣುತ್ತದೆ, ಈ ಭಾಷಣವನ್ನು ಅನುಕರಿಸಿದ ಬಹಳಷ್ಟು ಜನ ಎಡವಿರುವುದು ಅಲ್ಲೇ.

ಸಾಧನ ಕೈಗೆ ಬಂದು ಜೀವಂತವಾಗಿ ಓಡುವುದು ಇದೆಲ್ಲ ಆದ ಮೇಲೆ. ಮೊದಲು ತೋರಿಸುವುದು ತೀರಾ ಚಿಕ್ಕದು: ಬೆರಳಿಂದ ಜಾರಿಸಿ ಲಾಕ್ ತೆಗೆಯುವುದು. ಸಭೆಯಿಂದ ಉದ್ಗಾರ ಬರುತ್ತದೆ. ಮತ್ತೊಮ್ಮೆ ನೋಡ್ತೀರಾ ಎಂದು ಕೇಳಿ ಇನ್ನೊಮ್ಮೆ ಮಾಡುತ್ತಾರೆ. ನಂತರ ಹಾಡುಗಳ ಪಟ್ಟಿಯನ್ನು ಬೆರಳಲ್ಲಿ ತಳ್ಳುತ್ತಾರೆ, ಪಟ್ಟಿ ಓಡಿ, ನಿಧಾನವಾಗಿ ನಿಲ್ಲುತ್ತದೆ. ಇವತ್ತು ಇದು ಯಾರಿಗೂ ಏನೂ ಅನ್ನಿಸುವುದಿಲ್ಲ, ಅಲ್ವಾ? ಆ ದಿನ ಜನ ಬಾಯಿ ತೆರೆದು ನೋಡಿದರು. ಗುಂಡಿ ಇಲ್ಲದೆ ಹೇಗೆ ಎಂಬ ಪ್ರಶ್ನೆಗೆ ಉತ್ತರ ಆ ಒಂದು ಬೆರಳಿನ ಚಲನೆಯಲ್ಲಿ ಇತ್ತು.

ವೇದಿಕೆಯ ಕೆಳಗೆ ನಡೆಯುತ್ತಿದ್ದದ್ದು

ಇಷ್ಟು ಹೊತ್ತು ನೋಡಿದ್ದು ಮಾತಿನ ಲೆಕ್ಕ. ಆದರೆ ಈ ಭಾಷಣದ ಗತಿಯನ್ನು ತೀರ್ಮಾನಿಸಿದ ಇನ್ನೊಂದು ವಿಷಯ ಇದೆ: ಆ ಫೋನ್ ಇನ್ನೂ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ.

ಐಫೋನಿನಲ್ಲಿ ಸಿಗ್ನಲ್ ಹಿಡಿಯುವ ರೇಡಿಯೋ ಭಾಗದ ಹೊಣೆ ಹೊತ್ತಿದ್ದ ಆಂಡಿ ಗ್ರಿಗ್ನನ್ ಎಂಬ ಎಂಜಿನಿಯರ್ ವರ್ಷಗಳ ನಂತರ ಇದನ್ನು ವಿವರವಾಗಿ ಹೇಳಿದ್ದಾರೆ. ಆಗ ಇದ್ದದ್ದು ಸುಮಾರು 100 ಫೋನ್ ಮಾತ್ರ. ಕೆಲವದರಲ್ಲಿ ಪರದೆಗೂ ಅಂಚಿಗೂ ನಡುವೆ ಸಂದು ಕಾಣುತ್ತಿತ್ತು. ಹಾಡಿನ ಅಥವಾ ವಿಡಿಯೋದ ಒಂದು ತುಣುಕು ಓಡುತ್ತಿತ್ತು, ಪೂರ್ತಿ ಓಡಿಸಿದರೆ ನಿಂತುಹೋಗುತ್ತಿತ್ತು. ಮೊದಲು ಇಮೇಲ್ ಕಳಿಸಿ ಆಮೇಲೆ ವೆಬ್ ನೋಡಿದರೆ ಸರಿ, ಉಲ್ಟಾ ಮಾಡಿದರೆ ಕೈಕೊಡಬಹುದು. ಹೀಗೆ ಒಂದೊಂದಾಗಿ ಪ್ರಯತ್ನಿಸಿ, ಫೋನ್ ಕೆಡದೆ ಮುಂದೆ ಸಾಗುವ ಒಂದು ಕ್ರಮವನ್ನು ಎಂಜಿನಿಯರ್‌ಗಳು ಕಂಡುಕೊಂಡರು. ಅದಕ್ಕೆ ಅವರು 'ಗೋಲ್ಡನ್ ಪಾತ್' ಎನ್ನುತ್ತಿದ್ದರು. ವೇದಿಕೆಯ ಮೇಲೆ ಜಾಬ್ಸ್ ನಡೆದದ್ದು ಆ ದಾರಿಯಲ್ಲೇ.

ಮೆಮೊರಿ ಇನ್ನೊಂದು ತಲೆನೋವು. ಫೋನಿನಲ್ಲಿ ಇದ್ದದ್ದು 128 ಎಂಬಿ, ತಂತ್ರಾಂಶ ಇನ್ನೂ ಅಚ್ಚುಕಟ್ಟಾಗಿರಲಿಲ್ಲ, ಸ್ವಲ್ಪ ಹೊತ್ತು ಬಳಸಿದರೆ ಮೆಮೊರಿ ತುಂಬಿ ಮತ್ತೆ ಶುರು ಮಾಡಬೇಕಾಗುತ್ತಿತ್ತು. ಅದಕ್ಕೆ ವೇದಿಕೆಯ ಮೇಲೆ ಹಲವು ಫೋನ್ ಇಟ್ಟಿದ್ದರು. ಒಂದು ಸುಸ್ತಾಗುವ ಹೊತ್ತಿಗೆ ಇನ್ನೊಂದಕ್ಕೆ ಹೋಗುವುದು. ಸಭಾಂಗಣದಲ್ಲಿ ಸಾವಿರಾರು ಜನ ಇದ್ದಾಗ ವೈಫೈ ಕೈಕೊಡುತ್ತದೆ, ಅದನ್ನು ಬೇಕೆಂದೇ ಕೆಡಿಸುವವರೂ ಇರಬಹುದು. ಹಾಗಾಗಿ ಅಮೆರಿಕದಲ್ಲಿ ಬಳಕೆಗೆ ಅನುಮತಿ ಇಲ್ಲದ, ಜಪಾನಿನಲ್ಲಿ ಬಳಸುವ ತರಂಗಾಂತರಕ್ಕೆ ವೈಫೈಯನ್ನು ಬದಲಿಸಿಕೊಂಡಿದ್ದರು. ಮೊಬೈಲ್ ಕಂಪನಿಯವರು ಸಾಗಿಸಬಹುದಾದ ಟವರ್ ಒಂದನ್ನು ತಂದು ನಿಲ್ಲಿಸಿದ್ದರು. ಇಷ್ಟಾದರೂ ಕರೆಯ ಮಧ್ಯೆ ರೇಡಿಯೋ ಕೆಟ್ಟು ಮತ್ತೆ ಶುರುವಾಗುವ ಸಾಧ್ಯತೆ ಇತ್ತು. ಆದ್ದರಿಂದ ಸಿಗ್ನಲ್ ಎಷ್ಟೇ ಇದ್ದರೂ ಪರದೆಯ ಮೇಲೆ ಯಾವಾಗಲೂ ಐದು ಗೆರೆ ಪೂರ್ತಿ ಕಾಣುವಂತೆ ಮಾಡಿದ್ದರು.

ಇದು ಸರಿಯಾ ತಪ್ಪಾ ಎಂಬ ಪ್ರಶ್ನೆ ಬರುವುದು ಸಹಜ. ನನ್ನ ಅಭಿಪ್ರಾಯ ಹೀಗಿದೆ. ಯಾವುದನ್ನು ಯಾವ ಕ್ರಮದಲ್ಲಿ ತೋರಿಸಬೇಕು ಎಂದು ಮೊದಲೇ ತೀರ್ಮಾನಿಸಿ ಅದನ್ನೇ ಅಭ್ಯಾಸ ಮಾಡುವುದು ತಪ್ಪಲ್ಲ, ಪ್ರತಿ ಡೆಮೊ ಹಾಗೆಯೇ ಇರುತ್ತದೆ. ತೋರಿಸಿದ ಪ್ರತಿಯೊಂದೂ ಆ ಫೋನಿನಲ್ಲೇ ನಡೆಯಿತು, ಮೊದಲೇ ಚಿತ್ರೀಕರಿಸಿದ ವಿಡಿಯೋ ಅಲ್ಲ. ಫೋನಿನ ಪರದೆಯನ್ನು ಹಿಂದಿನ ದೊಡ್ಡ ಪರದೆಗೆ ಕಳಿಸಲು ವಿಶೇಷ ಬೋರ್ಡ್ ಹಾಕಿದ ಫೋನ್ ಬಳಸುತ್ತಿದ್ದೇನೆ ಎಂದು ಜಾಬ್ಸ್ ಬಾಯಿಬಿಟ್ಟು ಹೇಳಿದರು ಕೂಡ. ಆದರೆ ಆ ಐದು ಗೆರೆ ಬೇರೆ ವಿಷಯ. ಅದು ಇಲ್ಲದ್ದನ್ನು ಇದೆ ಎಂದು ತೋರಿಸುವುದು. ಅಲ್ಲಿ ಗೆರೆ ದಾಟಿದರು ಎಂದೇ ನನಗೆ ಅನ್ನಿಸುತ್ತದೆ.

ಈಗ ಡೆಮೊದ ಕೊನೆಯ ಭಾಗಕ್ಕೆ ಬನ್ನಿ, ಗತಿ ಮತ್ತು ಗೋಲ್ಡನ್ ಪಾತ್ ಎರಡೂ ಒಂದೇ ಆಗುವ ಜಾಗ ಅದು. ಜಾಬ್ಸ್ ಹಾಡು ಕೇಳುತ್ತಿರುತ್ತಾರೆ. ಆಪಲ್‌ನ ಫಿಲ್ ಶಿಲ್ಲರ್ ಕರೆ ಮಾಡುತ್ತಾರೆ. ಹಾಡಿನ ಸದ್ದು ತಗ್ಗುತ್ತದೆ, ಕರೆ ಬರುತ್ತದೆ. ಒಂದು ಫೋಟೋ ಕಳಿಸು ಎಂದು ಶಿಲ್ಲರ್ ಕೇಳುತ್ತಾರೆ. ಕರೆ ಕಡಿಯದೆ ಫೋಟೋ ಹುಡುಕಿ ಇಮೇಲ್ ಮಾಡುತ್ತಾರೆ, ಆಮೇಲೆ ವೆಬ್‌ಗೆ ಹೋಗುತ್ತಾರೆ. ಮೊದಲು ಇಮೇಲ್, ನಂತರ ವೆಬ್. ಕರೆ ಮುಗಿಸಿದಾಗ ಹಾಡು ನಿಂತ ಜಾಗದಿಂದಲೇ ಮತ್ತೆ ಕೇಳಿಸುತ್ತದೆ. ಮೂರು ಸಾಧನ ಎಂದದ್ದು ಒಂದೇ ಎನ್ನುವುದಕ್ಕೆ ಇದೇ ಸಾಕ್ಷಿ. ಶುರುವಿನಲ್ಲಿ ಮಾತಿನಲ್ಲಿ ಹೇಳಿದ್ದನ್ನು ಇಲ್ಲಿ ಕೈಯಲ್ಲಿ ಮಾಡಿ ತೋರಿಸಿದರು. ಇದು ವೈಫೈ ಮೇಲೆ ನಡೆದದ್ದು ಎನ್ನುವುದನ್ನೂ ತಿಳಿದಿರಬೇಕು, ಯಾಕೆಂದರೆ ಆ ಮೊದಲ ಐಫೋನ್ ಬಳಸುತ್ತಿದ್ದ ಎಡ್ಜ್ ಎಂಬ ಹಳೆಯ ಮೊಬೈಲ್ ಜಾಲದಲ್ಲಿ ಕರೆಯಲ್ಲಿರುವಾಗ ಇಂಟರ್‌ನೆಟ್ ಬಳಸಲು ಆಗುತ್ತಿರಲಿಲ್ಲ.

ಇದೇ ದೃಶ್ಯಕ್ಕೆ ಒಂದು ಹಿನ್ನೆಲೆ ಇದೆ. 2005ರ ಸೆಪ್ಟೆಂಬರ್‌ನಲ್ಲಿ ಮೋಟೊರೋಲಾ ಜೊತೆ ಸೇರಿ ಮಾಡಿದ ರಾಕರ್ ಎಂಬ ಫೋನನ್ನು ಇದೇ ಜಾಬ್ಸ್ ವೇದಿಕೆಯಲ್ಲಿ ತೋರಿಸಿದ್ದರು. ಆಗಲೂ ಹಾಡು ಓಡುತ್ತಿರುವಾಗ ಕರೆ ತೆಗೆದುಕೊಂಡರು. ಕರೆ ಮುಗಿದ ಮೇಲೆ ಹಾಡು ವಾಪಸ್ ಬರಲಿಲ್ಲ, ತಪ್ಪು ಗುಂಡಿ ಒತ್ತಿದೆ ಎಂದು ಹೇಳಿ ಮುಂದೆ ಹೋಗಬೇಕಾಯಿತು. ಆ ಫೋನಿನಲ್ಲಿ 100 ಹಾಡಿನ ಮಿತಿಯೂ ಇತ್ತು. ಎರಡೂ ವಿಡಿಯೋಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಎರಡರಲ್ಲೂ ಇರುವವರು ಒಬ್ಬರೇ, ಮಾಡಿದ ಕೆಲಸವೂ ಒಂದೇ. ಮೊದಲನೆಯದರಲ್ಲಿ ಎಷ್ಟೇ ಚೆನ್ನಾಗಿ ಮಾತಾಡಿದರೂ ಆ ಫೋನನ್ನು ಉಳಿಸಲು ಆಗಲಿಲ್ಲ.

ಗತಿ ತಪ್ಪಿದ ಎರಡು ಜಾಗ

ಭಾಷಣ ಪೂರ್ತಿ ನುಣ್ಣಗೆ ಸಾಗಿತು ಎಂದಲ್ಲ. ಆಗಿನ ಮೊಬೈಲ್ ಕಂಪನಿ ಸಿಂಗ್ಯುಲರ್‌ನ ಮುಖ್ಯಸ್ಥ ಸ್ಟ್ಯಾನ್ ಸಿಗ್ಮನ್ ವೇದಿಕೆಗೆ ಬಂದು, ಚೀಟಿ ನೋಡಿಕೊಂಡು ಓದಿದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅಷ್ಟು ಹೊತ್ತು ಕೇಳುಗನ ತಲೆಯಲ್ಲಿ ಸದಾ ಒಂದು ಪ್ರಶ್ನೆ ಇತ್ತು, ಇಲ್ಲಿ ಯಾವ ಪ್ರಶ್ನೆಯೂ ಇರಲಿಲ್ಲ. ಯಾರೂ ಕೇಳದ ವಿಷಯಕ್ಕೆ ಉತ್ತರ ಬರುತ್ತಿತ್ತು. ಗೂಗಲ್‌ನ ಎರಿಕ್ ಶ್ಮಿಟ್, ಯಾಹೂನ ಜೆರಿ ಯಾಂಗ್ ಕೂಡ ಬಂದು ಹೋದರು, ಆದರೆ ಅವರು ಬಂದದ್ದು ನಕ್ಷೆ, ಇಮೇಲ್‌ನಂಥ ಆಗಷ್ಟೇ ನೋಡಿದ ವಿಷಯದ ಬೆನ್ನಿಗೇ. ಅಲ್ಲಿ ನೂಲು ಕಡಿಯಲಿಲ್ಲ.

ಇನ್ನೊಂದು, ಮಾರುಕಟ್ಟೆಯ ಅಂಕಿ ಹೇಳುವಾಗ ಸ್ಲೈಡ್ ಬದಲಿಸುವ ಕ್ಲಿಕ್ಕರ್ ನಿಂತುಹೋಯಿತು. ಎರಡನೆಯದೂ ಕೆಲಸ ಮಾಡಲಿಲ್ಲ. ಜಾಬ್ಸ್ ಅದನ್ನು ಮುಚ್ಚಿಡಲಿಲ್ಲ, ಕ್ಲಿಕ್ಕರ್ ಕೆಟ್ಟಿದೆ ಎಂದು ಹೇಳಿ, ತಾನು ಮತ್ತು ಆಪಲ್‌ನ ಸಹಸ್ಥಾಪಕ ವಾಜ್ನಿಯಾಕ್ ಹುಡುಗರಾಗಿದ್ದಾಗ ಟಿವಿ ಸಿಗ್ನಲ್ ಕೆಡಿಸುವ ಪುಟ್ಟ ಯಂತ್ರ ಮಾಡಿ ವಿದ್ಯಾರ್ಥಿನಿಲಯದಲ್ಲಿ ತಮಾಷೆ ನೋಡುತ್ತಿದ್ದ ಕಥೆ ಹೇಳಿದರು. ಕಥೆ ಮುಗಿಯುವಷ್ಟರಲ್ಲಿ ಹಿಂದೆ ಕೆಲಸ ಮಾಡುವವರು ಸರಿ ಮಾಡಿದರು. ಈ ಅವಘಡ ಡೆಮೊ ಎಲ್ಲ ಮುಗಿದ ಮೇಲೆ ಆದದ್ದು ಅದೃಷ್ಟ. 'ಐಪಾಡ್, ಫೋನ್...' ಎನ್ನುವಾಗ ಚಿತ್ರ ತಿರುಗದೆ ನಿಂತಿದ್ದರೆ ಯಾವ ಕಥೆಯೂ ಅದನ್ನು ಉಳಿಸುತ್ತಿರಲಿಲ್ಲ, ಯಾಕೆಂದರೆ ಅಲ್ಲಿ ಮಾತು ಮತ್ತು ಚಿತ್ರ ಒಂದೇ ತಾಳಕ್ಕೆ ಕಟ್ಟಿದ್ದವು.

ಬೆಲೆ

ಬೆಲೆಯನ್ನೂ ಅದೇ ರೀತಿ ತಡೆದು ಹೇಳಿದರು. 4 ಜಿಬಿ ಐಪಾಡ್ ನ್ಯಾನೋ 199 ಡಾಲರ್. ಎರಡು ವರ್ಷದ ಕರಾರಿನ ಜೊತೆ ಒಂದು ಸ್ಮಾರ್ಟ್‌ಫೋನ್ ಸುಮಾರು 299. ಎರಡೂ ಸೇರಿ ಜನ ಹೆಚ್ಚುಕಡಿಮೆ 499 ಕೊಡುತ್ತಿದ್ದಾರೆ. ಐಫೋನ್ ಇದಕ್ಕಿಂತ ಎಷ್ಟೋ ಹೆಚ್ಚು ಕೆಲಸ ಮಾಡುತ್ತದೆ, ಹಾಗಾದರೆ ಎಷ್ಟು ಜಾಸ್ತಿ ಕೇಳಬೇಕು? ಏನೂ ಜಾಸ್ತಿ ಇಲ್ಲ, 4 ಜಿಬಿಗೆ ಅದೇ 499. 8 ಜಿಬಿಗೆ 599. ಮೊದಲ ನಿಮಿಷದ 'ಮೂರು ಒಂದೇ' ಎನ್ನುವ ಲೆಕ್ಕವೇ ಇಲ್ಲಿ ಹಣದ ಲೆಕ್ಕವಾಗಿ ಬಂತು. ಆ ಕೂಡಿಸುವ ಲೆಕ್ಕ ಇಲ್ಲದೆ ಸುಮ್ಮನೆ 499 ಎಂದಿದ್ದರೆ, ಕರಾರಿಗೂ ಸಹಿ ಹಾಕಿ ಅಷ್ಟು ಕೊಡಬೇಕಾ ಎಂಬುದೇ ಮೊದಲು ಬರುವ ಮಾತಾಗಿರುತ್ತಿತ್ತು.

ಈ ಲೆಕ್ಕ ಸಭಾಂಗಣದಲ್ಲಿ ನಿಂತಿತು, ಅಂಗಡಿಯಲ್ಲಿ ಅಷ್ಟು ದಿನ ನಿಲ್ಲಲಿಲ್ಲ. ಫೋನ್ ಮಾರಾಟಕ್ಕೆ ಬಂದದ್ದು ಜೂನ್ 29ಕ್ಕೆ. ಆರು ತಿಂಗಳು ಮುಂಚೆಯೇ ತೋರಿಸಲು ಕಾರಣವನ್ನೂ ಜಾಬ್ಸ್ ಅವತ್ತೇ ಹೇಳಿದ್ದರು: ಸರ್ಕಾರದ ಸಂವಹನ ಆಯೋಗದ ಅನುಮತಿ ಬೇಕು, ಅಲ್ಲಿಂದ ಸುದ್ದಿ ಹೊರಬರುವ ಬದಲು ನಾವೇ ಹೇಳುವುದು ಒಳ್ಳೆಯದು ಎಂದು. ಆ ಆರು ತಿಂಗಳಲ್ಲಿ ಎಂಜಿನಿಯರ್‌ಗಳು ಗೋಲ್ಡನ್ ಪಾತ್‌ನ ಆಚೆಗೂ ಫೋನ್ ಕೆಡದಂತೆ ಮಾಡಬೇಕಿತ್ತು. ಜನವರಿಯಲ್ಲಿ ಪ್ಲಾಸ್ಟಿಕ್ ಇದ್ದ ಪರದೆ ಗಾಜಿಗೆ ಬದಲಾಯಿತು, ಅದನ್ನು ಬಿಡುಗಡೆಗೆ ಎರಡು ವಾರಕ್ಕೂ ಕಡಿಮೆ ಇರುವಾಗ ಪ್ರಕಟಿಸಿದರು. ಸೆಪ್ಟೆಂಬರ್‌ನಲ್ಲಿ 4 ಜಿಬಿ ಫೋನನ್ನು ಕೈಬಿಟ್ಟು, 8 ಜಿಬಿಯ ಬೆಲೆಯನ್ನು 399ಕ್ಕೆ ಇಳಿಸಿದರು. ಎರಡು ತಿಂಗಳ ಹಿಂದೆ 599 ಕೊಟ್ಟವರು ಸಿಟ್ಟಾದರು. ಜಾಬ್ಸ್ ಬಹಿರಂಗ ಪತ್ರ ಬರೆದು, ಅವರಿಗೆ ಆಪಲ್ ಅಂಗಡಿಯಲ್ಲಿ ಖರ್ಚು ಮಾಡಲು 100 ಡಾಲರ್ ಕೊಡುವುದಾಗಿ ಹೇಳಬೇಕಾಯಿತು. 2008ರಲ್ಲಿ 1 ಕೋಟಿ ಫೋನ್ ಮಾರುತ್ತೇವೆ ಎಂದು ಆ ಜನವರಿಯಲ್ಲಿ ಹೇಳಿದ್ದ ಗುರಿಯನ್ನು ಮಾತ್ರ ವರ್ಷ ಮುಗಿಯುವ ಮೊದಲೇ ಮುಟ್ಟಿದರು.